ಹಾಲು ಬತ್ತಿಲ್ಲ, ಇಳಿಯುತ್ತಿಲ್ಲ

"ಕರು ಸತ್ತು ಮೂರು ದಿನ ಆಯ್ತು. ನಾಲ್ಕು ಲೀಟರ್ ಕೊಡ್ತಿದ್ದ ಹಸು ಒಂದು ಲೀಟರಿಗೇ ನಿಲ್ಲಿಸುತ್ತೆ. ಗದರಿದ್ರೂ, ಹೊಡೆದ್ರೂ ಅಷ್ಟೇ. ಹಾಲು ಬತ್ತಿತಾ?"

ಮೂರೇ ದಿನಕ್ಕೆ ಹೀಗೆ ಬತ್ತುವುದಿಲ್ಲ. ಕೆಚ್ಚಲಿನ ಕೆಳಗಿನ ಜಾಗದಲ್ಲಿ ತಾನಾಗಿ ಬರುವ ಹಾಲು ಸ್ವಲ್ಪವೇ ಇರುತ್ತದೆ. ನಿಮಗೆ ಸಿಗುತ್ತಿರುವ ಒಂದು ಲೀಟರ್ ಅದೇ ಇರಬೇಕು. ಉಳಿದದ್ದು ಮೇಲೆ ಸಣ್ಣ ಸಣ್ಣ ಚೀಲಗಳಲ್ಲಿದೆ. ಅವು ಹಿಂಡಿಕೊಳ್ಳಬೇಕಾದರೆ ಮಿದುಳಿನಿಂದ ಹಾಲು ಇಳಿಸುವ ಹಾರ್ಮೋನು ಆಕ್ಸಿಟೋಸಿನ್ ರಕ್ತಕ್ಕೆ ಬರಬೇಕು. ನಿಮ್ಮ ಹಸುವಿಗೆ ಕರು ಮೂಸಿ, ಗುದ್ದಿ, ಚೀಪಿದಾಗಲೇ ಅದು ಬಂದು ಅಭ್ಯಾಸ. ಈಗ ಆ ಸೂಚನೆಯೇ ಇಲ್ಲ.

ಹೊಡೆಯುವುದನ್ನು ಮೊದಲು ಬಿಡಿ. ಹೆದರಿದರೆ ಅಡ್ರಿನಲಿನ್ ಏರುತ್ತದೆ, ಬಂದ ಆಕ್ಸಿಟೋಸಿನ್ನೂ ಕೆಲಸ ಮಾಡುವುದಿಲ್ಲ. ಏರಿದ ಅಡ್ರಿನಲಿನ್ ತಗ್ಗಲು ಅರ್ಧ ಗಂಟೆಯೇ ಬೇಕಾಗಬಹುದು. ನಾಯಿ ಬೊಗಳಿದರೂ, ಬಕೆಟ್ ದಡಾರನೆ ಬಿದ್ದರೂ ಇದೇ ಕತೆ.

ದಿನವೂ ಅದೇ ಹೊತ್ತಿಗೆ, ಅದೇ ಕೈ. ತಿನ್ನಲು ಹಿಂಡಿ ಮುಂದಿಟ್ಟು, ಬೆಚ್ಚಗಿನ ನೀರಲ್ಲಿ ಕೆಚ್ಚಲು ಒರೆಸಿ, ಒಂದು ನಿಮಿಷ ಮೆಲ್ಲಗೆ ತಿಕ್ಕಿ. ಮೊಲೆ ತುಂಬಿ ಬಿಗಿಯಾದರೆ ಹಾಲು ಇಳಿಯಿತು ಅಂತ ಅರ್ಥ. ಆಮೇಲೆ ತಡ ಬೇಡ, ಐದಾರು ನಿಮಿಷದಲ್ಲಿ ಮುಗಿಸಿ. ಸುಮ್ನೆ ದಿನಾ ಆಕ್ಸಿಟೋಸಿನ್ ಇಂಜೆಕ್ಷನ್ ಹಾಕಿಸಬೇಡಿ, ಆಮೇಲೆ ಅದಿಲ್ಲದೆ ಇಳಿಸುವುದೇ ಇಲ್ಲ. ಹಾಲು ಹೀಗೇ ಒಳಗೆ ಉಳಿಯುತ್ತಾ ಹೋದರೆ ಮಾತ್ರ ನಿಜವಾಗಿಯೂ ಬತ್ತುತ್ತದೆ.