ಫ್ಲೋರೈಟ್ ಮಾಡೆಲ್ ಒಳಗಿನ ಬಾಲ್ ಯಾಕೆ ಲೊಡಲೊಡ ಅನ್ನುತ್ತೆ

«50 ಎಂಎಂ ಮತ್ತು 30 ಎಂಎಂ ಥರ್ಮೋಕೋಲ್ ಬಾಲ್ ತಂದು ಮಗಳ ಕಾಲೇಜ್ ಎಕ್ಸಿಬಿಷನ್‌ಗೆ ಉಪ್ಪಿನ ಹರಳು ಮಾಡಿದ್ವಿ. ಗಟ್ಟಿಯಾಗಿ ನಿಂತಿದೆ, ಆದ್ರೆ ದೊಡ್ಡ ಬಾಲ್‌ಗಳು ಒಂದಕ್ಕೊಂದು ತಾಗ್ತಿಲ್ಲ. ಅದೇ ಬಾಲ್‌ಗಳಲ್ಲಿ ಫ್ಲೋರೈಟ್ ಮಾಡೋಕೆ ಹೋದ್ರೆ ಒಳಗಿನ ಸಣ್ಣದು ಲೊಡಲೊಡ ಅಂತಿದೆ. ಗೈಡ್‌ನಲ್ಲಿ ಫ್ಲೋರೈಟ್ ಅನುಪಾತ 0.73 ಅಂತಿದೆ, ಬೇರೆ ಕಡೆ 0.85 ಅಂತಿದೆ. ಎಲ್ಲಿ ತಪ್ಪಿದ್ವಿ? ಮಂಡ್ಯದಿಂದ.»

ಮೇಡಂ, ನೀವು ತಪ್ಪಿಲ್ಲ, ಆ ಲೊಡಲೊಡ ಸದ್ದೇ ನಿಮ್ಮ ಎಕ್ಸಿಬಿಷನ್‌ನ ಒಳ್ಳೇ ಭಾಗ, ಅದನ್ನ ಅಂಟು ಹಾಕಿ ಮುಚ್ಚಬೇಡಿ. ನಾನು ಇಪ್ಪತ್ತು ವರ್ಷ ಮೈಸೂರು ಕಡೆ ಕುಲುಮೆ ಇಟ್ಟಿಗೆ ಮಾಡೋ ಜಾಗದಲ್ಲಿ ಲ್ಯಾಬ್ ನೋಡ್ಕೊಂಡಿದ್ದವನು, ಈ ಬಾಲ್ ಆಟ ನಮ್ಮಲ್ಲೂ ಹೊಸ ಹುಡುಗರಿಗೆ ಮಾಡಿ ತೋರಿಸ್ತಿದ್ವಿ, ಮೊದಮೊದಲು ಎಲ್ರೂ ಇಲ್ಲೇ ಸಿಕ್ಕಾಕೊಳ್ಳೋರು.

ಮೊದಲು ಉಪ್ಪು. ದೊಡ್ಡ ಬಾಲ್ ಕ್ಲೋರೈಡ್, ಸಣ್ಣದು ಸೋಡಿಯಂ ತಾನೇ. ನಾಲ್ಕು ದೊಡ್ಡ ಬಾಲ್‌ನ ಮೇಜಿನ ಮೇಲೆ ಚೌಕಾಕಾರವಾಗಿ ಒಂದಕ್ಕೊಂದು ಒತ್ತಿ ಇಡಿ, ಮಧ್ಯ ಒಂದು ಸಂದು ಉಳಿಯುತ್ತಲ್ಲ, ಅದರ ಮೇಲೊಂದು ಕೆಳಗೊಂದು ಬಾಲ್ ಇಟ್ರೆ ಆರು ಬಾಲ್ ಸುತ್ತುವರಿದ ಪೊಟರೆ ಆಗುತ್ತೆ. ಚೌಕದ ಮೂಲೆಯಿಂದ ಮೂಲೆಗೆ ಅಳತೆ 50 ಇಂಟು 1.414, ಅಂದ್ರೆ 70.7 ಮಿಮೀ, ಅದರಲ್ಲಿ ಎರಡು ಕಡೆಯಿಂದ ಅರ್ಧರ್ಧ ಬಾಲ್ ಸೇರಿ 50 ಹೋಯ್ತು, ಉಳಿದಿದ್ದು 20.7. ಅಂದ್ರೆ ದೊಡ್ಡ ಬಾಲ್‌ಗಳು ಒಂದಕ್ಕೊಂದು ತಾಗಿರೋವಾಗ ಆ ಪೊಟರೆಗೆ ಸರಿಯಾಗಿ ಕೂರೋ ಬಾಲ್ 20.7 ಮಿಮೀದು, 50ಕ್ಕೆ ಹೋಲಿಸಿದ್ರೆ 0.414 ಪಾಲು. ಪುಸ್ತಕದಲ್ಲಿ ಬರೋ 0.414 ಇದೇ ಕಣ್ರೀ, ಬೇರೇನೂ ಮಂತ್ರ ಇಲ್ಲ. ನೀವು ಹಾಕಿರೋದು 30, ಅದು ಪೊಟರೆಗಿಂತ ದೊಡ್ಡದು, ಹಾಗಾಗಿ ಅಕ್ಕಪಕ್ಕದ ದೊಡ್ಡವನ್ನ ಅತ್ತ ತಳ್ಳಿ ತಾನು ಆರಕ್ಕೂ ತಾಗ್ಕೊಂಡು ಕೂತಿದೆ. ದೊಡ್ಡವು ಒಂದಕ್ಕೊಂದು ತಾಗ್ತಿಲ್ಲ ಅಂತ ಬೇಜಾರಾಗಿದ್ದೀರಲ್ಲ, ತಾಗದೇ ಇರೋದೇ ಸರಿ. ಎಲ್ಲಾ ಕ್ಲೋರೈಡೂ ಒಂದೇ ಚಾರ್ಜ್, ಅವು ದೂರ ಇದ್ದಷ್ಟೂ ನೆಮ್ಮದಿ, ಸೋಡಿಯಂಗೆ ಹತ್ತಿರ ಇದ್ದಷ್ಟೂ ನೆಮ್ಮದಿ. ನಿಜವಾದ ಸೋಡಿಯಂ 1.02 ಆಂಗ್‌ಸ್ಟ್ರಾಂ, ಕ್ಲೋರೈಡ್ 1.81, ಭಾಗಿಸಿದ್ರೆ 0.56, ನಿಮ್ಮ 50ಕ್ಕೆ 28 ಮಿಮೀ ಬರುತ್ತೆ. 28 ಅಂಗಡೀಲಿ ಸಿಗಲ್ಲ, 30 ಸಾಕು.

ಈಗ ಫ್ಲೋರೈಟ್. ಇಲ್ಲಿ ದೊಡ್ಡ ಬಾಲ್ ಫ್ಲೋರೈಡ್, ಒಳಗಿನದು ಕ್ಯಾಲ್ಸಿಯಂ, ಸುತ್ತ ಎಂಟು, ಡಬ್ಬದ ಎಂಟು ಮೂಲೆ ಥರ. ಡಬ್ಬದ ಒಂದು ಮೂಲೆಯಿಂದ ಎದುರು ಮೂಲೆಗೆ, ಒಳಗಿಂದ ಹಾದು ಹೋಗೋ ಕರ್ಣ 86.6 ಮಿಮೀ, 50 ಕಳೆದ್ರೆ 36.6. ಅದೇ 0.732. ನೀವು 36.6ರ ಗೂಡಿಗೆ 30ರ ಬಾಲ್ ಹಾಕಿದ್ದೀರಿ, ಆರೂವರೆ ಮಿಮೀ ಆಡೋಕೆ ಜಾಗ ಇದ್ರೆ ಲೊಡಲೊಡ ಅನ್ನದೇ ಇನ್ನೇನು ಮಾಡುತ್ತೆ? ನಿಜವಾದ ಅಯಾನ್ ಆಗಿದ್ರೂ ಹೀಗೇ, ಎಂಟರಿಂದಲೂ ದೂರ ಉಳಿದು ತೇಲಾಡೋ ಬದಲು ಆರರ ಗೂಡಿಗೆ ಹೋಗಿ ಎಲ್ಲರಿಗೂ ತಾಗಿ ಕೂರೋದು ಲಾಭ. ಸೋಡಿಯಂ ಕ್ಲೋರೈಡ್ ಮಾಡೋದೂ ಅದನ್ನೇ. ನಿಮ್ಮ ಮಗಳಿಗೆ ಹೇಳಿ, ಮೇಜಿನ ಮೇಲೆ ಅದೇ 30ರ ಬಾಲ್ ಇಟ್ಟು ಎಂಟರ ಗೂಡಲ್ಲಿ ಅಲ್ಲಾಡಿಸಿ ತೋರಿಸಲಿ, ಆಮೇಲೆ ಆರರ ಗೂಡಲ್ಲಿ ಇಡಲಿ, ಜಡ್ಜ್‌ಗೆ ಬಾಯಲ್ಲಿ ಹೇಳೋದೇ ಬೇಡ.

ಕ್ಯಾಲ್ಸಿಯಂಗೆ 40ರ ಬಾಲ್ ತಗೊಳ್ಳಿ. ಕ್ಯಾಲ್ಸಿಯಂ 1.12, ಫ್ಲೋರೈಡ್ 1.31, ಅನುಪಾತ 0.85, ಸರಿಯಾಗಿ ಬೇಕಿರೋದು 43 ಮಿಮೀ, 40 ಹಾಕಿದ್ರೂ 0.8 ಇದೆ, ಗಡಿ ದಾಟಿದೆ. ಹಾಗೆ ಹಾಕಿದ್ರೆ ಫ್ಲೋರೈಡ್ ಬಾಲ್‌ಗಳ ಮಧ್ಯಬಿಂದುವಿಂದ ಮಧ್ಯಬಿಂದುವಿಗೆ 52 ಮಿಮೀ ಬಿಡಬೇಕು, ಅಂದ್ರೆ ಪಕ್ಕದ ಎರಡರ ನಡುವೆ 2 ಮಿಮೀ ಸಂದು, ಟೂತ್‌ಪಿಕ್ ಚುಚ್ಚುವಾಗ ಪೂರ್ತಿ ಒತ್ತಬೇಡಿ.

ಕಟ್ಟೋವಾಗ ಇನ್ನೊಂದು ಕಡೆ ಎಡವ್ತಾರೆ. ಫ್ಲೋರೈಡ್ ಮೂರು ಸಾಲು, ಮೂರು ಕಂಬ, ಮೂರು ಅಂತಸ್ತು, ಒಟ್ಟು 27 ಬಾಲ್ ಇಟ್ರೆ ಒಳಗೆ ಎಂಟು ಗೂಡು ಆಗುತ್ತೆ. ಎಂಟಕ್ಕೂ ಕ್ಯಾಲ್ಸಿಯಂ ತುಂಬಿಸಬೇಡಿ, ನಾಲ್ಕಕ್ಕೆ ಮಾತ್ರ, ಚೆಸ್ ಬೋರ್ಡಿನ ಕಪ್ಪು ಮನೆ ಥರ ಒಂದು ಬಿಟ್ಟು ಒಂದು, ಮೇಲೆ ಕೆಳಗೂ ಅದೇ ಲೆಕ್ಕ. ತುಂಬಿದ ಎರಡು ಗೂಡು ಗೋಡೆ ಹಂಚ್ಕೊಂಡಿದ್ರೆ ತಪ್ಪಾಗಿದೆ ಅಂತ, ಅಂಚು ಮಾತ್ರ ಹಂಚ್ಕೋಬೇಕು. ಯಾಕೆ ಅರ್ಧ ಅಂದ್ರೆ ಸೂತ್ರ CaF2, ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರೈಡ್. ಮುಗಿದ ಮೇಲೆ ನಟ್ಟನಡುವೆ ಇರೋ ಒಂದೇ ಒಂದು ಫ್ಲೋರೈಡ್ ಬಾಲ್‌ನ ನೋಡಿ, ಅದಕ್ಕೆ ತಾಗ್ತಿರೋ ಕ್ಯಾಲ್ಸಿಯಂ ನಾಲ್ಕೇ. ಕ್ಯಾಲ್ಸಿಯಂ ಕಡೆಯಿಂದ ಎಂಟು, ಫ್ಲೋರೈಡ್ ಕಡೆಯಿಂದ ನಾಲ್ಕು. ಉಪ್ಪಲ್ಲಿ ಒಂದಕ್ಕೊಂದು ಸಮ ಇರೋದ್ರಿಂದ ಎರಡೂ ಕಡೆ ಆರು.

ಮೇಲೆ ಕೆ.ಆರ್. ಪೇಟೆ ತಮ್ಮ ಬರೆದಿದ್ದಾನೆ, 0.732 ಮೇಲಿದ್ರೆ ಎಂಟು, ಕೆಳಗಿದ್ರೆ ಆರು, ಅಷ್ಟೇ, ಮಿಕ್ಕಿದ್ದೆಲ್ಲ ಬೇಡ ಅಂತ. ಅರ್ಧ ಸರಿ ಕಣಪ್ಪ. ಅನುಪಾತ ಹೇಳೋದು ಸಣ್ಣ ಅಯಾನ್ ಸುತ್ತ ಎಷ್ಟು ಅನ್ನೋದನ್ನ ಮಾತ್ರ, ದೊಡ್ಡದರ ಸುತ್ತ ಎಷ್ಟು ಅನ್ನೋದನ್ನ ಸೂತ್ರ ಹೇಳುತ್ತೆ. ಎಂಟೂ ಗೂಡು ತುಂಬಿದ್ರೆ ಅದು ಸೀಸಿಯಂ ಕ್ಲೋರೈಡ್ ಆಗೋಗುತ್ತೆ, ಅಲ್ಲೂ ಎಂಟೇ, ಆದ್ರೆ ಫ್ಲೋರೈಟ್ ಅಲ್ಲ. ಇನ್ನೊಂದು, ಪೊಟ್ಯಾಸಿಯಂ ಕ್ಲೋರೈಡ್ ಲೆಕ್ಕ ಹಾಕಿ ನೋಡು, 1.38 ಭಾಗಿಸು 1.81, 0.76 ಬರುತ್ತೆ, ನಿನ್ನ ನಿಯಮದ ಪ್ರಕಾರ ಎಂಟಾಗಬೇಕು, ಆದ್ರೆ ಅದು ಮಾಮೂಲಿಯಾಗಿ ಉಪ್ಪಿನ ಥರ ಆರರಲ್ಲೇ ಕೂತಿರುತ್ತೆ. ಒಂದು ಅಯಾನ್‌ಗೆ ಇಡೀ ಹರಳಿನ ಎಳೆತ ತಳ್ಳಾಟ ಎಲ್ಲಾ ಕೂಡಿ ಲೆಕ್ಕ ಹಾಕಿದ್ರೆ ಆರರ ಜೋಡಣೆಗೆ 1.748, ಎಂಟರದಕ್ಕೆ 1.763, ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ. ಎಂಟು ಜನ ಸುತ್ತ ಕೂತ್ರೆ ಪ್ರತಿಯೊಬ್ಬರೂ ಒಸಿ ಹಿಂದೆ ಸರೀಬೇಕಾಗುತ್ತೆ, ಆ ಸಣ್ಣ ಲಾಭ ಅಲ್ಲೇ ಹೋಗಿಬಿಡುತ್ತೆ. ಅಯಾನ್ ಅಂದ್ರೆ ಗೋಲಿ ಥರ ಗಟ್ಟಿ ಉಂಡೆನೂ ಅಲ್ಲ. ಪೂರ್ತಿ ಇಷ್ಟೇನಾ ಕಾರಣ ಅಂದ್ರೆ ನಮ್ಮ ಲ್ಯಾಬಲ್ಲೇ ಇಬ್ಬರು ಜಗಳ ಆಡ್ತಿದ್ರು, ನಾನು ರಿಟೈರ್ ಆಗೋವರೆಗೂ ಅದು ಮುಗೀಲಿಲ್ಲ.

ಗೈಡ್‌ನ 0.73 ಎಲ್ಲಿಂದ ಬಂತು ಅಂತ ಕೇಳಿದ್ರಲ್ಲ. ಅದು ಪಾಲಿಂಗ್ ಅವರ ಹಳೇ ಪಟ್ಟಿ, ಅದರಲ್ಲಿ ಕ್ಯಾಲ್ಸಿಯಂ 0.99, ಫ್ಲೋರೈಡ್ 1.36. ಭಾಗಿಸಿದ್ರೆ 0.728, ಗಡಿಗಿಂತ ಕೂದಲೆಳೆ ಕೆಳಗೆ! ಎರಡು ಅಂಕಿಗೆ ಸರಿ ಮಾಡಿ 0.73 ಅಂತ ಬರೆದು ಎಂಟು ಅಂತ ಹಾಕ್ಬಿಡ್ತಾರೆ, ಮಗು ಕ್ಯಾಲ್ಕುಲೇಟರ್ ಒತ್ತಿದ್ರೆ ಆರು ಬರುತ್ತೆ. ನಾನು ಹೇಳಿದ 1.12 ಶ್ಯಾನನ್ 1976ರಲ್ಲಿ ಕೊಟ್ಟ ಪಟ್ಟೀದು. ಅದರಲ್ಲಿ ಒಂದೇ ಕ್ಯಾಲ್ಸಿಯಂಗೆ ಸುತ್ತ ಆರಿದ್ರೆ 1.00, ಎಂಟಿದ್ರೆ 1.12 ಅಂತ ಬೇರೆ ಬೇರೆ ಅಳತೆ ಇದೆ. ಹೌದು, ಇದು ಸುತ್ತಿ ಸುತ್ತಿ ಅಲ್ಲಿಗೇ ಬರೋ ಲೆಕ್ಕ, ಎಷ್ಟು ಜನ ಸುತ್ತ ಇದ್ದಾರೆ ಅಂತ ಗೊತ್ತಿದ್ರೆ ತಾನೇ ಸರಿಯಾದ ಅಳತೆ ಹಾಕೋದು. ಹಾಗಾಗಿ ಆರರ ಅಳತೇಲೂ ಒಂದ್ಸಲ ನೋಡಿ, 1.00 ಭಾಗಿಸು 1.33, 0.75. ಎರಡು ರೀತಿಯಲ್ಲೂ ಗಡಿ ಮೇಲೆ ಬಂತು, ಕ್ಯಾಲ್ಸಿಯಂಗೆ ಧೈರ್ಯವಾಗಿ ಎಂಟು ಅನ್ನಬಹುದು. ಚಾರ್ಟಲ್ಲಿ ಯಾವ ಪಟ್ಟಿ ಅಂತ ಬರೆದು ಹಾಕಿ, ಎರಡು ಪಟ್ಟಿ ಬೆರೆಸಿ ಮೇಲಿನದು ಇದರಿಂದ ಕೆಳಗಿನದು ಅದರಿಂದ ತಗೊಂಡ್ರೆ ಕೆಟ್ಟು ಕೆರ ಹಿಡಿಯುತ್ತೆ.

ಪಾಂಡವಪುರದ ಅಣ್ಣ, ನೀವು ಚಾನೆಲ್ ಪಕ್ಕದ ಗದ್ದೆ ಉಪ್ಪಾಗಿದೆ, ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಯಾವ ಬಾಲ್ ಹಾಕಬೇಕು ಅಂತ ಕೇಳಿದ್ದೀರಿ. ಇದು ಆ ವಿಷಯ ಅಲ್ಲ ಅಣ್ಣ, ಇದು ಹರಳೊಳಗೆ ಅಯಾನ್ ಹೇಗೆ ಕೂರುತ್ತೆ ಅನ್ನೋದು. ಮಣ್ಣು ನೀರು ಎರಡನ್ನೂ ಟೆಸ್ಟಿಗೆ ಕೊಡಿ, ಆಮೇಲೆ ಅದಕ್ಕೇ ಬೇರೆ ಪೋಸ್ಟ್ ಹಾಕಿ.

ಶ್ರೀರಂಗಪಟ್ಟಣದ ಪಾಟರಿ ಮೇಡಂ ಕೇಳಿರೋದು ಮಾತ್ರ ಇದಕ್ಕೇ ಸೇರಿದ್ದು. ಬರೀ ಜಿರ್ಕೋನಿಯಾ ಪುಡಿ ಒತ್ತಿ ಬಿಲ್ಲೆ ಮಾಡಿ 1300 ಡಿಗ್ರೀಲಿ ಸುಟ್ರಂತೆ, ಬಿಸಿ ಇರೋವರೆಗೂ ಚೆನ್ನಾಗಿತ್ತು, ತಣ್ಣಗಾದಾಗ ಚೂರುಚೂರು. ನನಗೂ ಒಂದ್ಸಲ ಹೀಗೇ ಆಗಿದೆ, ಸ್ಪೀಡಾಗಿ ಆರಿಸಿದ್ದಕ್ಕೆ ಅಂದ್ಕೊಂಡು ಇನ್ನೂ ನಿಧಾನ ಆರಿಸಿದೆ, ಆಗಲೂ ಅಷ್ಟೇ. ನೋಡಿ, ಜಿರ್ಕೋನಿಯಂ 0.84, ಆಕ್ಸೈಡ್ 1.38, ಅನುಪಾತ 0.61. ಎಂಟರ ಗೂಡಿಗೆ ಅದು ಸಣ್ಣದು, ಮಂಡ್ಯ ಮೇಡಂ ಅವರ 30ರ ಬಾಲ್ ಥರಾನೇ, ಹಾಗಂತ ಆರಕ್ಕೂ ಇಳಿಯಲ್ಲ. ಫ್ಲೋರೈಟ್ ಥರದ ಎಂಟರ ಜೋಡಣೆ ಸುಮಾರು 2370 ಡಿಗ್ರಿ ಮೇಲೆ ಮಾತ್ರ, ಅದಕ್ಕಿಂತ ಕೆಳಗೆ ಸ್ವಲ್ಪ ಎಳೆದಂಥ ರೂಪ, ಆರುವಾಗ ಸಾವಿರ ಡಿಗ್ರಿ ಆಸುಪಾಸಿಗೆ ಬಂದ್ರೆ ಸೊಟ್ಟಗಾಗಿ ಸುತ್ತ ಏಳೇ ಆಕ್ಸೈಡ್ ಇರೋ ರೂಪಕ್ಕೆ ತಿರುಗುತ್ತೆ, ತಿರುಗುವಾಗ ನೂರಕ್ಕೆ ನಾಲ್ಕೈದು ಭಾಗ ಉಬ್ಬುತ್ತೆ. ಗಟ್ಟಿ ಬಿಲ್ಲೆ ಅಷ್ಟು ಉಬ್ಬಿದ್ರೆ ಒಡೀದೇ ಇರುತ್ತಾ, ನಿಧಾನ ಆರಿಸೋದ್ರಿಂದ ಇದು ನಿಲ್ಲಲ್ಲ. ಯಿಟ್ರಿಯಾ ಬೆರೆಸಿದ ಪುಡಿ ಅಂತಾನೇ ಕೇಳಿ ತಗೊಳ್ಳಿ. ಯಿಟ್ರಿಯಂ 1.02, ಅದು ದೊಡ್ಡದು, ಜೊತೆಗೆ ಅದರ ಚಾರ್ಜ್ ಕಡಿಮೆ ಇರೋದ್ರಿಂದ ಅಲ್ಲಲ್ಲಿ ಆಕ್ಸೈಡ್ ಜಾಗ ಖಾಲಿ ಬಿಡಬೇಕಾಗುತ್ತೆ, ಸಣ್ಣ ಜಿರ್ಕೋನಿಯಂಗೆ ಉಸಿರಾಡೋಕೆ ಅಷ್ಟು ಸಾಕು. ನೂರಕ್ಕೆ ಎಂಟು ಮೋಲ್ ಹಾಕಿದ್ದು ರೂಮ್ ಟೆಂಪರೇಚರ್‌ವರೆಗೂ ಫ್ಲೋರೈಟ್ ರೂಪದಲ್ಲೇ ಉಳಿಯುತ್ತೆ. ಆದ್ರೆ ಯಿಟ್ರಿಯಾ ಪುಡಿ ಬೇರೆ ತಂದು ನೀವೇ ಕಲಸಿ 1300ರಲ್ಲಿ ಸುಟ್ರೆ ಒಳಗೆ ಸೇರಲ್ಲ, ಮೊದಲೇ ಸೇರಿಸಿ ಮಾಡಿದ್ದೇ ಬೇಕು.

ಮಂಡ್ಯ ಮೇಡಂ, ಇನ್ನೊಂದು ಮರೆತಿದ್ದೆ. ಉಪ್ಪಿನ ಮಾಡೆಲ್ ಪಕ್ಕ ನಮ್ಮೂರ ಹೆಸರೂ ಬರೀಬಹುದು, ಮೈಸೂರು ಹತ್ರ ದೊಡ್ಡಕಾನ್ಯದಲ್ಲಿ ಸಿಗೋ ಮ್ಯಾಗ್ನೆಸೈಟ್ ಕಲ್ಲನ್ನ ಚೆನ್ನಾಗಿ ಸುಟ್ರೆ ಉಳಿಯೋ ಮೆಗ್ನೀಷಿಯಾ ಕೂಡ ಉಪ್ಪಿನ ಜೋಡಣೆನೇ, 0.72 ಭಾಗಿಸು 1.40, 0.51, ಸುತ್ತ ಆರು. ಬಾಲ್ 26 ಮಿಮೀ ಬೇಕು, 25 ಸಿಗುತ್ತೆ. ಜೋಡಣೆ ಒಂದೇ ಆದ್ರೂ ಚಾರ್ಜ್ ಎರಡೆರಡು, ಅದಕ್ಕೇ ಉಪ್ಪು 801 ಡಿಗ್ರೀಲಿ ಕರಗಿದ್ರೆ ಇದು 2800 ದಾಟಬೇಕು.

ಅಂಟಿಗೆ ಬಿಳಿ ಫೆವಿಕಾಲ್ ಬಳಸಿ, ಚಪ್ಪಲಿ ಹೊಲಿಯೋರ ಹತ್ರ ಇರೋ ಹಳದಿ ರಬ್ಬರ್ ಗಮ್ ಹಾಕಿದ್ರೆ ಥರ್ಮೋಕೋಲ್ ಕರಗಿ ಬಾಲಲ್ಲಿ ಗುಂಡಿ ಬೀಳುತ್ತೆ. ಫೆವಿಕಾಲ್ ಒಣಗೋಕೆ ರಾತ್ರಿಯಿಡೀ ಬೇಕು, ಹಾಗಾಗಿ ಒಂದೊಂದು ಅಂತಸ್ತು ಒಣಗಿಸಿ ಮೇಲಿನದು ಇಡಿ. 40ರ ಬಾಲ್ ಹಾಕಿದ ಮೇಲೆ ಫೋಟೋ ಹಾಕಿ, ತುಂಬಿದ ಗೂಡುಗಳು ಅಂಚು ಹಂಚ್ಕೊಂಡಿವೆಯೋ ಗೋಡೆ ಹಂಚ್ಕೊಂಡಿವೆಯೋ ನೋಡಿ ಹೇಳ್ತೀನಿ.