ದದ್ದಿಲ್ಲದ ತುರಿಕೆ: ಫೋಟೊದಲ್ಲಿ ಕಾಣದ್ದು

ಎರಡು ತಿಂಗಳಿಂದ ಮೈಯೆಲ್ಲ ತುರಿಕೆ, ಒಂದು ದದ್ದೂ ಇಲ್ಲ. ಫೋಟೊ ಕಳಿಸಿದರೆ ಕಾರಣ ಗೊತ್ತಾಗುತ್ತದೆಯೇ?

ಇಲ್ಲ. ಫೋಟೊದಲ್ಲಿ ಕಾಣುವುದು ಹೆಚ್ಚೆಂದರೆ ಒಣಚರ್ಮ, ಉಗುರಿನ ಗೀರು. ಬೆನ್ನ ನಡುವೆ ಕೈಗೆ ಎಟುಕದ ಜಾಗ ಮಾತ್ರ ನುಣುಪಾಗಿ ಉಳಿದಿದ್ದರೆ, ಸುತ್ತಲಿನ ಗೀರುಗಳು ಕೆರೆದುಕೊಂಡದ್ದರಿಂದಲೇ ಆದವು ಎಂದು ಊಹಿಸಬಹುದು. ಆದರೆ ಕೆರೆಸಿದ್ದು ಯಕೃತ್ತೋ, ಮೂತ್ರಪಿಂಡವೋ, ಥೈರಾಯ್ಡೋ ಎಂದು ಚಿತ್ರ ಹೇಳದು.

ಯಕೃತ್ತನ್ನೇ ನೋಡಿ. ಪಿತ್ತರಸ ಸರಾಗವಾಗಿ ಕರುಳಿಗೆ ಇಳಿಯದಿದ್ದರೆ ಅದರೊಂದಿಗೆ ಹೊರಹೋಗಬೇಕಾದ ಅಂಶಗಳು ರಕ್ತದಲ್ಲೇ ಉಳಿದು ತುರಿಕೆಯ ನರಗಳನ್ನು ಕೆಣಕುತ್ತವೆ. ಚರ್ಮ ಉರಿಯೂತಗೊಂಡಿಲ್ಲ, ಹಾಗಾಗಿ ದದ್ದಿಲ್ಲ. ಅಲರ್ಜಿ ಮಾತ್ರೆ ಅಷ್ಟಾಗಿ ನಾಟದಿರುವುದಕ್ಕೂ ಇದೇ ಕಾರಣ. ಅಂಗೈ, ಅಂಗಾಲಲ್ಲಿ, ರಾತ್ರಿ ಹೊತ್ತು ಜೋರು. ಕಣ್ಣು ಹಳದಿಯಾಗುವ ಎಷ್ಟೋ ಮೊದಲೇ ಶುರುವಾಗಬಹುದು, ಆಗ ಹಳದಿ ಬಣ್ಣ ತರುವ ಬಿಲಿರುಬಿನ್ ರಕ್ತದಲ್ಲಿ ಸಹಜವಾಗಿದ್ದು ಎಎಲ್‌ಪಿ ಎಂಬ ಕಿಣ್ವ ಏರಿರಬಹುದು. ಆ ಕಿಣ್ವ ಮೂಳೆಯಿಂದಲೂ ಬರುವುದರಿಂದ ಜಿಜಿಟಿ ಎಂಬ ಇನ್ನೊಂದು ಯಕೃತ್ತಿನ ಕಿಣ್ವ ನೋಡಿ ಖಚಿತಪಡಿಸಿಕೊಂಡು, ನಂತರ ಹೊಟ್ಟೆಯ ಸ್ಕ್ಯಾನ್ ಮಾಡುತ್ತಾರೆ.

ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಕ್ಕೆ ನೋಡುವುದು ಕ್ರಿಯಾಟಿನಿನ್, ಥೈರಾಯ್ಡ್‌ಗೆ ಟಿಎಸ್‌ಎಚ್. ಜೊತೆಗೆ ರಕ್ತಕಣಗಳ ಎಣಿಕೆ. ಎಲ್ಲವನ್ನೂ ಒಮ್ಮೆಲೇ ತೆಗೆದ ರಕ್ತದಲ್ಲಿ ನೋಡಬಹುದು. ಗರ್ಭಿಣಿಯಾಗಿದ್ದರೆ ಮಾತ್ರ ಕಾಯಬೇಡಿ, ಇಂದೇ ವೈದ್ಯರಿಗೆ ತಿಳಿಸಿ.