ಒಂದೇ β, ಎರಡು ಬೆಲೆ: ಬ್ಯುಟಾಡೈಯೀನ್ ಲೆಕ್ಕ ಯಾಕೆ ತಾಳೆ ಆಗುವುದಿಲ್ಲ?

ಪ್ರಶ್ನೆ: ಸರ್, ನಾನು ಗದಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಹ್ಯೂಕೆಲ್ ವಿಧಾನದಲ್ಲಿ ಡಿಲೋಕಲೈಸೇಶನ್ ಎನರ್ಜಿ ಬ್ಯುಟಾಡೈಯೀನ್‌ಗೆ 0.472β, ಬೆಂಜೀನ್‌ಗೆ 2β ಬಂತು. ಬೆಂಜೀನ್‌ನ ಪ್ರಯೋಗದ ಅಂಕಿಯಿಂದ β ತೆಗೆದು ಬ್ಯುಟಾಡೈಯೀನ್‌ಗೆ ಹಾಕಿದರೆ 36 ಕಿಲೋಜೂಲ್ ಆಗುತ್ತದೆ. ಪ್ರಯೋಗದಲ್ಲಿ ಬರುವುದು 15. ನಾನು ಎಲ್ಲಿ ತಪ್ಪಿದ್ದೇನೆ?
(ವಿದ್ಯಾರ್ಥಿನಿ, ಗದಗ)

ಉತ್ತರ: ಎಲ್ಲೂ ತಪ್ಪಿಲ್ಲ. ಧಾರವಾಡದಲ್ಲಿ ನಾನು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಇದನ್ನೇ ಕೇಳಿದ್ದ: "ಸರ್, ಒಂದ β‌ಗೆ ಎರಡ ಬೆಲಿ ಹೆಂಗ್ರೀ?" ಅವತ್ತು ನಾನು "ಅದು ಅಂದಾಜಿನ ವಿಧಾನ ಅಲ್ವಾ" ಅಂತ ಹೇಳಿ ಸುಮ್ನೆ ಮುಂದೆ ಹೋದೆ. ಅದು ಉತ್ತರವೇ ಅಲ್ಲ. ಸರಿಯಾದ ಉತ್ತರ ನಿಮ್ಮ ಲೆಕ್ಕದ ಒಳಗೇ ಇದೆ.

ಮೊದಲು ಲೆಕ್ಕ ನೋಡೋಣ. ನಾಲ್ಕು ಕಾರ್ಬನ್ ಸಾಲಾಗಿ ಇವೆ. ಒಂದೊಂದರ p ಆರ್ಬಿಟಲ್‌ನ ಶಕ್ತಿ α. ಪಕ್ಕಪಕ್ಕದ ಎರಡರ ನಡುವಿನ ಸಂಬಂಧ β. ಪಕ್ಕದಲ್ಲಿ ಇಲ್ಲದವುಗಳ ನಡುವೆ ಸೊನ್ನೆ. x = (α − E)/β ಅಂತ ಇಟ್ಟುಕೊಂಡು ಡಿಟರ್ಮಿನೆಂಟ್ ಬಿಡಿಸಿದರೆ ಉಳಿಯುವುದು ಇಷ್ಟೇ:

x⁴ − 3x² + 1 = 0

x² ಅನ್ನು ಒಂದೇ ಅಕ್ಷರ ಅಂದುಕೊಂಡರೆ ಇದು ಮಾಮೂಲಿ ವರ್ಗಸಮೀಕರಣ. x² ಬೆಲೆ 2.618 ಮತ್ತು 0.382. ಹಾಗಾಗಿ x ಎಂದರೆ ±1.618 ಮತ್ತು ±0.618. ಇಲ್ಲಿ ಒಂದು ಗುಂಡಿ ಇದೆ. E = α − xβ, ಆದ್ದರಿಂದ ಎಲ್ಲಕ್ಕಿಂತ ಕೆಳಗಿನ ಮಟ್ಟ ಬರುವುದು x = −1.618 ಇದ್ದಾಗ, ಅಂದರೆ α + 1.618β. β ಮೈನಸ್ ಸಂಖ್ಯೆ, ಅದಕ್ಕೇ ಪ್ಲಸ್ ಇದ್ದದ್ದು ಕೆಳಗೆ. ಸಪ್ತಾಪುರದ ಝೆರಾಕ್ಸ್ ಅಂಗಡಿಗಳಲ್ಲಿ ಕೈಯಿಂದ ಕೈಗೆ ಹೋಗುವ ನೋಟ್ಸ್‌ಗಳಲ್ಲಿ ಈ ಚಿತ್ರ ತಲೆಕೆಳಗಾಗಿ ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಿಮ್ಮದು ಸರಿ ಇದೆ.

ನಾಲ್ಕು ಎಲೆಕ್ಟ್ರಾನ್‌ಗಳಲ್ಲಿ ಎರಡು ಮೊದಲ ಮಟ್ಟಕ್ಕೆ, ಎರಡು α + 0.618β ಮಟ್ಟಕ್ಕೆ. ಒಟ್ಟು 4α + 4.472β. ಎರಡು ಬಿಡಿ ಎಥಿಲೀನ್ ಇದ್ದಿದ್ದರೆ 4α + 4β. ವ್ಯತ್ಯಾಸ 0.472β. ಬೆಂಜೀನ್‌ನಲ್ಲಿ ಎರಡು ಎಲೆಕ್ಟ್ರಾನ್ α + 2β ಮಟ್ಟದಲ್ಲಿ, ನಾಲ್ಕು α + β ಮಟ್ಟದ ಜೋಡಿಯಲ್ಲಿ. ಒಟ್ಟು 6α + 8β. ಮೂರು ಎಥಿಲೀನ್‌ಗೆ 6α + 6β. ವ್ಯತ್ಯಾಸ 2β.

ಇನ್ನು ಪ್ರಯೋಗ. ಸೈಕ್ಲೋಹೆಕ್ಸೀನ್‌ಗೆ ಹೈಡ್ರೋಜನ್ ಸೇರಿಸಿದರೆ ಮೋಲ್‌ಗೆ ಸುಮಾರು 120 ಕಿಲೋಜೂಲ್ ಹೊರಬರುತ್ತದೆ. ಅಂಥ ಮೂರು ಡಬಲ್ ಬಾಂಡ್‌ಗೆ 360. ಬೆಂಜೀನ್ ಕೊಡುವುದು 208 ಮಾತ್ರ. 152 ಕಡಿಮೆ, ಅಂದರೆ β ಸುಮಾರು 76 (ಮೈನಸ್ ಚಿಹ್ನೆ ಬಿಟ್ಟು ಬರೆಯುತ್ತಿದ್ದೇನೆ). 1-ಬ್ಯೂಟೀನ್ 127 ಕೊಡುತ್ತದೆ, ಎರಡಕ್ಕೆ 254. ಬ್ಯುಟಾಡೈಯೀನ್ 239. ಉಳಿತಾಯ 15. ಇದರಿಂದ β ತೆಗೆದರೆ 32 ಆಗುತ್ತದೆ. 76 ಎಲ್ಲಿ, 32 ಎಲ್ಲಿ!

ಈಗ ಲೆಕ್ಕದ ಒಳಗೆ ಹೋಗೋಣ. ಬ್ಯುಟಾಡೈಯೀನ್‌ನ ಮೊದಲ ಆರ್ಬಿಟಲ್‌ನಲ್ಲಿ ನಾಲ್ಕು ಕಾರ್ಬನ್‌ಗಳ ಪಾಲು 0.372, 0.602, 0.602, 0.372. ಎರಡನೆಯದರಲ್ಲಿ 0.602, 0.372, −0.372, −0.602. ಪಕ್ಕದ ಕಾರ್ಬನ್‌ಗಳ ಪಾಲನ್ನು ಗುಣಿಸಿ, ಎಲೆಕ್ಟ್ರಾನ್ ಸಂಖ್ಯೆಯಿಂದ ಗುಣಿಸಿ, ಕೂಡಿದರೆ ಪೈ ಬಾಂಡ್ ಆರ್ಡರ್. ಮೊದಲ ಮತ್ತು ಎರಡನೇ ಕಾರ್ಬನ್ ನಡುವೆ ಅದು 0.894. ನಡುವಿನ ಬಾಂಡ್‌ಗೆ 0.447 ಮಾತ್ರ, ಯಾಕೆಂದರೆ ಎರಡನೇ ಆರ್ಬಿಟಲ್ ಅಲ್ಲಿ ಚಿಹ್ನೆ ಬದಲಿಸಿ ಮೊದಲನೆಯದರ ಗಳಿಕೆಯನ್ನು ಕಡಿಮೆ ಮಾಡುತ್ತದೆ. ಬೆಂಜೀನ್‌ನಲ್ಲಿ ಆರು ಬಾಂಡ್‌ಗಳಿಗೂ 0.667.

ಅಂದರೆ ಎಲ್ಲ ಬಾಂಡ್‌ಗೂ ಒಂದೇ β ಅಂತ ಹಾಕಿ ಶುರು ಮಾಡಿದೆವು. ಬಂದ ಉತ್ತರವೋ, ಬಾಂಡ್‌ಗಳು ಸಮ ಇಲ್ಲ ಅನ್ನುತ್ತದೆ. ಅಳತೆಯೂ ಅದನ್ನೇ ಹೇಳುತ್ತದೆ. ಬ್ಯುಟಾಡೈಯೀನ್‌ನ ತುದಿಯ ಬಾಂಡ್‌ಗಳ ಉದ್ದ ಸುಮಾರು 1.34 ಆಂಗ್‌ಸ್ಟ್ರಮ್, ನಡುವಿನದು 1.47 ಹತ್ತಿರ. ಬೆಂಜೀನ್‌ನಲ್ಲಿ ಎಲ್ಲವೂ 1.40 ಹತ್ತಿರ. p ಆರ್ಬಿಟಲ್‌ಗಳು ದೂರ ಸರಿದಷ್ಟೂ β ಸಣ್ಣದಾಗುತ್ತದೆ. ಬೆಂಜೀನ್‌ನಲ್ಲಿ ಒಂದೇ β ಹಾಕುವುದಕ್ಕೆ ಕಾರಣ ಇದೆ, ಅಲ್ಲಿ ಆರೂ ಬಾಂಡ್ ಒಂದೇ ಥರ. ಬ್ಯುಟಾಡೈಯೀನ್‌ನಲ್ಲಿ ನಾವು ಹಾಕಿದ್ದು ಕೇವಲ ಅನುಕೂಲಕ್ಕೆ.

ಹಾಗಾದರೆ ನಡುವಿನ ಬಾಂಡ್‌ಗೆ β ಬದಲು kβ ಹಾಕಿ ನೋಡಿ. ಡಿಟರ್ಮಿನೆಂಟ್ x⁴ − (2 + k²)x² + 1 = 0 ಆಗುತ್ತದೆ. ತುಂಬಿದ ಎರಡು ಮಟ್ಟಗಳು √(1 + k²/4) + k/2 ಮತ್ತು √(1 + k²/4) − k/2. ಕೂಡುವಾಗ k/2 ಹೊಡೆದುಹೋಗುತ್ತದೆ. ಉಳಿತಾಯ ಇಷ್ಟು:

4β[√(1 + k²/4) − 1]

k ಸೊನ್ನೆಯಾದರೆ ಉಳಿತಾಯ ಸೊನ್ನೆ, ಎರಡು ಎಥಿಲೀನ್. k ಒಂದಾದರೆ ನಿಮ್ಮ 0.472β. ಸೂತ್ರ ಸರಿ ಇದೆಯಾ ಅಂತ ನೋಡಲು ಇವೆರಡು ಸಾಕು. ಈಗ k = 0.7 ಹಾಕಿ. 1.1225ರ ವರ್ಗಮೂಲ 1.0595. ಉಳಿತಾಯ 0.238β. β 76 ಇದ್ದರೆ 18 ಕಿಲೋಜೂಲ್. 36 ಇದ್ದದ್ದು ಒಮ್ಮೆಲೇ ಅರ್ಧಕ್ಕೆ ಇಳಿಯಿತು. k ಮೂವತ್ತು ಪರ್ಸೆಂಟ್ ಕಡಿಮೆಯಾದರೆ ಉಳಿತಾಯ ಐವತ್ತು ಪರ್ಸೆಂಟ್ ಕಡಿಮೆ, ಏಕೆಂದರೆ k ಸಣ್ಣದಿದ್ದಾಗ ಅದು ಸುಮಾರಾಗಿ k² ಜೊತೆ ಹೋಗುತ್ತದೆ. ನಡುವಿನ ಒಂದೇ ಬಾಂಡ್‌ನ ಮೇಲೆ ಎಲ್ಲ ಭಾರ ಇದೆ, ಅದಕ್ಕೇ ಸರಪಳಿಯ ಲೆಕ್ಕ ಇಷ್ಟು ಸೂಕ್ಷ್ಮ.

k ಅನ್ನು ತಿರುಚಿ 15 ಬರಿಸುವುದು ಸುಲಭ. 0.64 ಹಾಕಿದರೆ ಬಂದೇಬಿಡುತ್ತದೆ. ನಾನು ಹಾಗೆ ಮಾಡುವುದಿಲ್ಲ. ಆ 15ರಲ್ಲಿ ಎಲ್ಲವೂ ಪೈ ಎಲೆಕ್ಟ್ರಾನ್‌ಗಳದ್ದಲ್ಲ. ಬ್ಯುಟಾಡೈಯೀನ್‌ನ ನಡುವಿನ ಸಿಗ್ಮಾ ಬಾಂಡ್ sp² ಕಾರ್ಬನ್‌ಗಳ ನಡುವೆ ಇದೆ, 1-ಬ್ಯೂಟೀನ್‌ನಲ್ಲಿ ಆ ಜಾಗದ ಬಾಂಡ್‌ನ ಒಂದು ತುದಿ sp³. ಆ ವ್ಯತ್ಯಾಸವೂ ಶಾಖದ ಅಂಕಿಯೊಳಗೆ ಸೇರಿಕೊಂಡಿದೆ. ಬೆಂಜೀನ್‌ನ 152 ಕೂಡ ಶುದ್ಧ ಅಲ್ಲ. ಉದ್ದ ಗಿಡ್ಡ ಇರುತ್ತಿದ್ದ ಬಾಂಡ್‌ಗಳನ್ನು ಒಂದೇ ಉದ್ದಕ್ಕೆ ತರಲು ಸ್ವಲ್ಪ ಶಕ್ತಿ ಖರ್ಚಾಗಿದೆ. ಆ ಖರ್ಚು ಕಳೆದ ಮೇಲೆ ನಮ್ಮ ಕೈಗೆ ಸಿಕ್ಕಿದ್ದು 152. ಹಾಗಾಗಿ 76 ಎಂಬ β ಬೆಲೆಯೂ ನಿಜವಾದದ್ದಕ್ಕಿಂತ ಕಡಿಮೆಯೇ. ಬೆಳಕು ಹೀರುವ ಪ್ರಯೋಗಗಳಿಂದ β ತೆಗೆದರೆ ಇದಕ್ಕಿಂತ ತುಂಬಾ ಜಾಸ್ತಿ ಬರುವುದನ್ನು ನೀವು ಮುಂದೆ ನೋಡುತ್ತೀರಿ.

ಪರೀಕ್ಷೆಯಲ್ಲಿ ಬ್ಯುಟಾಡೈಯೀನ್‌ಗೆ 0.472β ಎಂದೇ ಬರೆಯಿರಿ. β‌ಗೆ ಬೆಲೆ ಕೊಟ್ಟು ಕಿಲೋಜೂಲ್ ಕೇಳಿದರೆ ಕೊಟ್ಟ ಬೆಲೆಯನ್ನೇ ಹಾಕಿ. k ಬಗ್ಗೆ ಯಾರೂ ಕೇಳುವುದಿಲ್ಲ. ವೈವಾದಲ್ಲಿ ಯಾರಾದರೂ ಕೇಳಿದರೆ ಬೋರ್ಡ್ ಮೇಲೆ 0.894 ಮತ್ತು 0.447 ಬರೆದು ಅಲ್ಲಿಂದ ಶುರು ಮಾಡಿ.